ಬಾಣದ ಗುರುತು ಕಾರಣವಲ್ಲ

ಪ್ರಥಮ ಪಿಯುಸಿ ವಿಜ್ಞಾನದ ಮಕ್ಕಳು ಓದುವ ಎನ್‌ಸಿಇಆರ್‌ಟಿ ರಸಾಯನಶಾಸ್ತ್ರದ ಪುಸ್ತಕದಲ್ಲಿ, ಆವರ್ತ ಕೋಷ್ಟಕದ ಪಾಠದ ನಡುವೆ ಒಂದು ಪುಟ್ಟ ಪ್ರಶ್ನೆ ಇದೆ. ಸೋಡಿಯಂ, ಮೆಗ್ನೀಸಿಯಂ ಮತ್ತು ಸಿಲಿಕಾನ್‌ಗಳ ಮೊದಲ ಅಯಾನೀಕರಣ ಶಕ್ತಿಯನ್ನು ಕ್ರಮವಾಗಿ 496, 737, 786 ಎಂದು ಕೊಟ್ಟು, ಅಲ್ಯೂಮಿನಿಯಂನದು 575ಕ್ಕೆ ಹತ್ತಿರವಿದ್ದೀತೋ 760ಕ್ಕೆ ಹತ್ತಿರವಿದ್ದೀತೋ ಎಂದು ಕೇಳುತ್ತದೆ. ಕೋಷ್ಟಕದಲ್ಲಿ ಅಲ್ಯೂಮಿನಿಯಂ ಕೂತಿರುವುದು ಮೆಗ್ನೀಸಿಯಂ ಮತ್ತು ಸಿಲಿಕಾನ್‌ಗಳ ನಡುವೆ. ಹಾಗಾಗಿ 737 ಮತ್ತು 786ರ ನಡುವೆ ಸಲೀಸಾಗಿ ಕೂರುವ 760ರ ಕಡೆಗೇ ಕೈ ಹೋಗುತ್ತದೆ. ಸರಿಯಾದ ಉತ್ತರ 575. ಪ್ರಯೋಗದಲ್ಲಿ ಅಳೆದ ಮೌಲ್ಯ ಸುಮಾರು 578.

ತಪ್ಪು ಉತ್ತರ ಕೊಟ್ಟ ವಿದ್ಯಾರ್ಥಿ ಓದಿಲ್ಲ ಎನ್ನುವಂತಿಲ್ಲ. ಅವನು ಓದಿದ್ದಾನೆ, ಬಾಯಿಪಾಠವನ್ನೂ ಮಾಡಿದ್ದಾನೆ. ಗೋಡೆಯ ಮೇಲಿನ ಚಾರ್ಟಿನಲ್ಲಿ ಎಡದಿಂದ ಬಲಕ್ಕೆ ಒಂದು ಬಾಣ, ಮೇಲಿನಿಂದ ಕೆಳಕ್ಕೆ ಇನ್ನೊಂದು ಬಾಣ ಇರುತ್ತವೆ. ಒಂದು ಕಡೆ ‘ಹೆಚ್ಚುತ್ತದೆ’ ಎಂದೂ ಇನ್ನೊಂದು ಕಡೆ ‘ಕಡಿಮೆಯಾಗುತ್ತದೆ’ ಎಂದೂ ಬರೆದಿರುತ್ತದೆ. ಅವನು ಆ ಬಾಣದ ಮಾತನ್ನು ನಂಬಿ ಉತ್ತರಿಸಿದ. ಆದರೆ ಪ್ರಶ್ನೆ ಬಾಣದ ಬಗ್ಗೆ ಇರಲಿಲ್ಲ, ಪರಮಾಣುವಿನ ಬಗ್ಗೆ ಇತ್ತು. ಆವರ್ತ ಕೋಷ್ಟಕದ ಒಳ್ಳೆಯ ಪ್ರಶ್ನೆಗಳೆಲ್ಲ ಹೀಗೆಯೇ ಇರುತ್ತವೆ. ಬಾಣ ಎಲ್ಲಿ ಸೋಲುತ್ತದೋ ಅಲ್ಲೇ ಕೇಳುತ್ತವೆ. ಅವನ್ನು ಪರಮಾಣುವಿನ ರಚನೆಯಿಂದ ಹೇಗೆ ಬಿಡಿಸಬೇಕು ಎಂಬುದನ್ನು ಅಯಾನೀಕರಣ ಶಕ್ತಿ ಎಂಬ ಒಂದೇ ಗುಣವನ್ನು ಹಿಡಿದು ನೋಡೋಣ.

ಮೊದಲು ಕೋಷ್ಟಕ, ಆಮೇಲೆ ಕಾರಣ

ರಷ್ಯಾದ ದಿಮಿತ್ರಿ ಮೆಂಡಲೀವ್ ತನ್ನ ಕೋಷ್ಟಕವನ್ನು ಪ್ರಕಟಿಸಿದ್ದು 1869ರಲ್ಲಿ. ಎಲೆಕ್ಟ್ರಾನ್ ಎಂಬುದೊಂದಿದೆ ಎಂದು ಜೆ. ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ಧಾತುಗಳನ್ನು ಸಾಲಾಗಿ ಜೋಡಿಸಲು ತೂಕಕ್ಕಿಂತ ನ್ಯೂಕ್ಲಿಯಸ್‌ನ ವಿದ್ಯುದಾವೇಶವೇ ಸರಿಯಾದ ಆಧಾರ ಎಂದು ಹೆನ್ರಿ ಮೋಸ್ಲಿ ಕಂಡುಕೊಂಡದ್ದು 1913ರಲ್ಲಿ. ಅಂದರೆ ಧಾತುಗಳ ಗುಣಗಳು ಮರುಕಳಿಸುವುದನ್ನು ಮನುಷ್ಯ ಮೊದಲು ಗಮನಿಸಿದ. ಅದಕ್ಕೆ ಕಾರಣ ಎಷ್ಟೋ ವರ್ಷಗಳ ನಂತರ ಸಿಕ್ಕಿತು. ‘ಆವರ್ತದಲ್ಲಿ ಎಡದಿಂದ ಬಲಕ್ಕೆ ಅಯಾನೀಕರಣ ಶಕ್ತಿ ಹೆಚ್ಚುತ್ತದೆ’ ಎಂಬ ವಾಕ್ಯ ಕಣ್ಣಿಗೆ ಕಂಡದ್ದರ ಸಾರಾಂಶ. ಏಕೆ ಹೆಚ್ಚುತ್ತದೆ ಎಂದು ಕೇಳಿದಾಗ ಅದೇ ವಾಕ್ಯವನ್ನು ತಿರುಗಿಸಿ ಹೇಳಿದರೆ ಅದು ಉತ್ತರವಾಗುವುದಿಲ್ಲ.

ಅಯಾನೀಕರಣ ಶಕ್ತಿ ಎಂದರೆ, ಅನಿಲ ಸ್ಥಿತಿಯಲ್ಲಿ ಒಂಟಿಯಾಗಿರುವ ಪರಮಾಣುವಿನಿಂದ ಅತಿ ಸಡಿಲವಾಗಿ ಹಿಡಿದಿಟ್ಟ ಎಲೆಕ್ಟ್ರಾನನ್ನು ಪೂರ್ತಿಯಾಗಿ ಕಿತ್ತು ಹೊರಹಾಕಲು ಬೇಕಾಗುವ ಶಕ್ತಿ. ಒಂದು ಮೋಲ್ ಪರಮಾಣುಗಳಿಗೆ ಇಷ್ಟು ಕಿಲೋಜೌಲ್ ಎಂದು ಅದನ್ನು ಲೆಕ್ಕ ಹಾಕುತ್ತಾರೆ. ಈ ಲೇಖನದ ಅಂಕಿಗಳೆಲ್ಲ ಅದೇ ಮಾನದಲ್ಲಿವೆ. ಶಕ್ತಿ ಹೆಚ್ಚು ಬೇಕಾದರೆ ಎಲೆಕ್ಟ್ರಾನ್ ಬಿಗಿಯಾಗಿ ಹಿಡಿದಿಟ್ಟಿದೆ ಎಂದರ್ಥ, ಕಡಿಮೆ ಸಾಕಾದರೆ ಸಡಿಲವಾಗಿದೆ ಎಂದರ್ಥ.

ಕೇಳಬೇಕಾದ ಮೂರು ಪ್ರಶ್ನೆ

ಎಲೆಕ್ಟ್ರಾನ್ ಎಷ್ಟು ಬಿಗಿಯಾಗಿದೆ ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ. ಮೊದಲನೆಯದು, ನ್ಯೂಕ್ಲಿಯಸ್‌ನಲ್ಲಿ ಎಷ್ಟು ಪ್ರೋಟಾನ್‌ಗಳಿವೆ ಎಂಬುದು. ಎಳೆಯುವ ಬಲ ಬರುವುದು ಅಲ್ಲಿಂದ. ಎರಡನೆಯದು, ಹೊರಡಬೇಕಾದ ಎಲೆಕ್ಟ್ರಾನ್ ಯಾವ ಕವಚದಲ್ಲಿದೆ, ನ್ಯೂಕ್ಲಿಯಸ್‌ನಿಂದ ಎಷ್ಟು ದೂರದಲ್ಲಿದೆ ಎಂಬುದು. ದೂರ ಹೆಚ್ಚಿದಷ್ಟೂ ಸೆಳೆತ ಕುಗ್ಗುತ್ತದೆ. ಮೂರನೆಯದು, ಉಳಿದ ಎಲೆಕ್ಟ್ರಾನ್‌ಗಳು ಆ ಸೆಳೆತಕ್ಕೆ ಎಷ್ಟು ಅಡ್ಡ ಬರುತ್ತವೆ ಎಂಬುದು.

ಈ ಮೂರನೆಯದನ್ನು ಮರೆಮಾಚುವ ಪರಿಣಾಮ ಎನ್ನುತ್ತಾರೆ. ಬಯಲಾಟ ನೋಡಲು ಕೂತವರನ್ನು ನೆನೆಸಿಕೊಳ್ಳಿ. ನಿಮ್ಮ ಮುಂದಿನ ಸಾಲಿನಲ್ಲಿ ಕೂತವರು ರಂಗಸ್ಥಳವನ್ನು ಹೆಚ್ಚು ಮರೆಮಾಡುತ್ತಾರೆ. ನಿಮ್ಮದೇ ಸಾಲಿನಲ್ಲಿ ಪಕ್ಕಕ್ಕೆ ಕೂತವರಿಂದ ಅಷ್ಟೇನೂ ಅಡ್ಡಿಯಿಲ್ಲ. ಪರಮಾಣುವಿನಲ್ಲೂ ಒಳಕವಚದ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ನ ಸೆಳೆತವನ್ನು ಬಹುಪಾಲು ತಡೆಯುತ್ತವೆ, ಅದೇ ಕವಚದ ಎಲೆಕ್ಟ್ರಾನ್‌ಗಳು ಸ್ವಲ್ಪ ಮಾತ್ರ ತಡೆಯುತ್ತವೆ.

ಎಷ್ಟು ಎಂದು ಅಂದಾಜು ಮಾಡಲು ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಲೇಟರ್ 1930ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅದರ ಪ್ರಕಾರ ಎರಡನೇ ಕವಚದಲ್ಲಿರುವ ಎಲೆಕ್ಟ್ರಾನಿಗೆ ಅದೇ ಕವಚದ ಜೊತೆಗಾರ ಒಂದೊಂದೂ 0.35ರಷ್ಟು ಅಡ್ಡ ಬರುತ್ತದೆ, ಒಳಗಿನ ಮೊದಲ ಕವಚದ ಎಲೆಕ್ಟ್ರಾನ್ ಒಂದೊಂದೂ 0.85ರಷ್ಟು ಅಡ್ಡ ಬರುತ್ತದೆ. ಲಿಥಿಯಂನಲ್ಲಿ ಪ್ರೋಟಾನ್ 3, ಒಳಗೆ ಎಲೆಕ್ಟ್ರಾನ್ 2. ಮೂರರಿಂದ 1.7 ಕಳೆದರೆ ಉಳಿಯುವುದು 1.3. ಫ್ಲೋರಿನ್‌ನಲ್ಲಿ ಪ್ರೋಟಾನ್ 9. ಒಳಗಿನ ಎರಡು ಎಲೆಕ್ಟ್ರಾನ್‌ಗೆ 1.7 ಕಳೆಯಬೇಕು, ಪಕ್ಕದ ಆರು ಎಲೆಕ್ಟ್ರಾನ್‌ಗೆ 2.1 ಕಳೆಯಬೇಕು. ಉಳಿಯುವುದು 5.2. ಎರಡರಲ್ಲೂ ಹೊರ ಎಲೆಕ್ಟ್ರಾನ್ ಇರುವುದು ಎರಡನೇ ಕವಚದಲ್ಲೇ. ಆದರೂ ಫ್ಲೋರಿನ್‌ನ ಎಲೆಕ್ಟ್ರಾನಿಗೆ ತಾಗುವ ನಿಜವಾದ ಸೆಳೆತ ಲಿಥಿಯಂನದಕ್ಕಿಂತ ನಾಲ್ಕು ಪಟ್ಟು.

ಎಡದಿಂದ ಬಲಕ್ಕೆ ಬಾಣ ಏಕಿದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಒಂದೊಂದು ಹೆಜ್ಜೆಗೂ ನ್ಯೂಕ್ಲಿಯಸ್‌ಗೆ ಒಂದು ಪೂರ್ಣ ಪ್ರೋಟಾನ್ ಸೇರುತ್ತದೆ. ಜೊತೆಗೆ ಬರುವ ಹೊಸ ಎಲೆಕ್ಟ್ರಾನ್ ಅದೇ ಸಾಲಿನಲ್ಲಿ ಕೂರುವುದರಿಂದ ಆ ಪ್ರೋಟಾನ್‌ನ ಸೆಳೆತದ ಮೂರನೇ ಒಂದು ಭಾಗದಷ್ಟನ್ನು ಮಾತ್ರ ತಡೆಯುತ್ತದೆ. ಹೀಗೆ ಸೆಳೆತ ಏರುತ್ತಾ ಹೋಗುತ್ತದೆ, ಪರಮಾಣು ಕುಗ್ಗುತ್ತಾ ಹೋಗುತ್ತದೆ, ಎಲೆಕ್ಟ್ರಾನ್ ಕೀಳುವುದು ಕಷ್ಟವಾಗುತ್ತಾ ಹೋಗುತ್ತದೆ. ಲಿಥಿಯಂನ 520ರಿಂದ ಹೊರಟು ಸಾಲಿನ ಕೊನೆಯ ನಿಯಾನ್‌ಗೆ ಬರುವಷ್ಟರಲ್ಲಿ ಅಂಕಿ 2081 ಮುಟ್ಟುತ್ತದೆ.

ಆದರೆ ಈ ಏರುದಾರಿ ಸಪಾಟಾಗಿಲ್ಲ. ಎರಡನೇ ಆವರ್ತದ ಎಂಟು ಧಾತುಗಳ ಅಂಕಿಗಳು ಹೀಗಿವೆ: ಲಿಥಿಯಂ 520, ಬೆರಿಲಿಯಂ 900, ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2081. ಎರಡು ಕಡೆ ಇಳಿತವಿದೆ. ಬೆರಿಲಿಯಂನಿಂದ ಬೋರಾನ್‌ಗೆ ಒಂದು, ನೈಟ್ರೋಜನ್‌ನಿಂದ ಆಕ್ಸಿಜನ್‌ಗೆ ಇನ್ನೊಂದು. ಪರೀಕ್ಷೆಗಳ ಪ್ರಶ್ನೆಗಳು ಬಹುಪಾಲು ಹುಟ್ಟುವುದು ಈ ಎರಡು ತಗ್ಗುಗಳಿಂದಲೇ.

ಮೊದಲ ತಗ್ಗು: ಹೊರಡುವ ಎಲೆಕ್ಟ್ರಾನೇ ಬೇರೆ

ಬೆರಿಲಿಯಂನ ಹೊರಕವಚದಲ್ಲಿ ಎರಡು ಎಲೆಕ್ಟ್ರಾನ್‌ಗಳಿವೆ, ಎರಡೂ 2s ಉಪಕವಚದಲ್ಲಿವೆ. ಬೋರಾನ್‌ನಲ್ಲಿ ಮೂರಿವೆ. ಎರಡು 2s ನಲ್ಲಿ, ಮೂರನೆಯದು 2p ನಲ್ಲಿ. ಬೋರಾನ್‌ನದು ಕಡಿಮೆ ಏಕೆ ಎಂದು ಕೇಳಿದರೆ ತರಗತಿಯಲ್ಲಿ ಬರುವ ಸಿದ್ಧ ಉತ್ತರ, ‘ಬೆರಿಲಿಯಂನ 2s ಪೂರ್ತಿ ತುಂಬಿದೆ, ಆದ್ದರಿಂದ ಸ್ಥಿರವಾಗಿದೆ’ ಎಂಬುದು. ಬಹಳ ಕಡೆ ಇದಕ್ಕೆ ಅಂಕವೂ ಸಿಗುತ್ತದೆ. ಆದರೆ ಇದು ಕಾರಣವನ್ನು ಹೇಳುವುದಿಲ್ಲ. ಬೋರಾನ್‌ನಲ್ಲೂ 2s ಪೂರ್ತಿಯೇ ತುಂಬಿದೆ. ಹಾಗಾದರೆ ಬೋರಾನ್‌ನ 2s ಎಲೆಕ್ಟ್ರಾನ್‌ಗಳು ಎಷ್ಟು ಬಿಗಿಯಾಗಿವೆ ಎಂದು ನೋಡಬೇಕು.

ನೋಡಲು ಸಾಧನವೂ ಇದೆ. ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರೋಸ್ಕೋಪಿ ಎಂಬ ವಿಧಾನದಲ್ಲಿ ಪರಮಾಣುಗಳ ಮೇಲೆ ಗೊತ್ತಿರುವ ಶಕ್ತಿಯ ನೇರಳಾತೀತ ಕಿರಣ ಅಥವಾ ಎಕ್ಸ್ ಕಿರಣ ಹಾಯಿಸುತ್ತಾರೆ. ಕಿರಣ ತಗುಲಿ ಹೊರಚಿಮ್ಮಿದ ಎಲೆಕ್ಟ್ರಾನ್ ಎಷ್ಟು ವೇಗದಲ್ಲಿ ಹೊರಬಂತು ಎಂದು ಅಳೆಯುತ್ತಾರೆ. ಕೊಟ್ಟ ಶಕ್ತಿಯಲ್ಲಿ ಓಟಕ್ಕೆ ಹೋದದ್ದನ್ನು ಕಳೆದರೆ, ಉಳಿದದ್ದು ಕೀಳುವುದಕ್ಕೆ ಖರ್ಚಾದ ಶಕ್ತಿ. ಇದರಿಂದ ಅತಿ ಸಡಿಲವಾದ ಎಲೆಕ್ಟ್ರಾನ್ ಮಾತ್ರವಲ್ಲ, ಒಳಗಿನ ಎಲೆಕ್ಟ್ರಾನ್‌ಗಳ ಬಿಗಿತವೂ ಬೇರೆಬೇರೆಯಾಗಿ ಗೊತ್ತಾಗುತ್ತದೆ.

ಈ ಅಳತೆಯಲ್ಲಿ ಬೆರಿಲಿಯಂನ 2s ಎಲೆಕ್ಟ್ರಾನ್‌ನ ಬಿಗಿತ ಸುಮಾರು 900. ಬೋರಾನ್‌ನ 2s ಎಲೆಕ್ಟ್ರಾನ್‌ನದು ಸುಮಾರು 1360. ಅಂದರೆ ಬೆರಿಲಿಯಂನಲ್ಲಿ ವಿಶೇಷವಾದ ಯಾವ ಬಿಗಿತವೂ ಇಲ್ಲ. ಪ್ರೋಟಾನ್ ಒಂದು ಹೆಚ್ಚಿದ್ದಕ್ಕೆ ಬೋರಾನ್‌ನಲ್ಲಿ 2s ಇನ್ನಷ್ಟು ಬಿಗಿಯಾಗಿದೆ. ಬಾಣ ಹೇಳಿದ್ದು ಆ ಎಲೆಕ್ಟ್ರಾನಿನ ಮಟ್ಟಿಗೆ ಸರಿಯಾಗಿಯೇ ಇದೆ. ವ್ಯತ್ಯಾಸ ಇಷ್ಟೇ: ಬೋರಾನ್‌ನಿಂದ ಮೊದಲು ಹೊರಡುವುದು ಆ 2s ಎಲೆಕ್ಟ್ರಾನ್ ಅಲ್ಲ. 801ರಷ್ಟು ಬಿಗಿತ ಮಾತ್ರ ಇರುವ 2p ಎಲೆಕ್ಟ್ರಾನ್ ಹೊರಡುತ್ತದೆ. ನಾವು ಹೋಲಿಸುತ್ತಿರುವುದು ಬೇರೆಬೇರೆ ಜಾತಿಯ ಎರಡು ಎಲೆಕ್ಟ್ರಾನ್‌ಗಳನ್ನು.

ಒಂದೇ ಕವಚದಲ್ಲಿದ್ದೂ 2p ಏಕೆ ಸಡಿಲ? s ಎಲೆಕ್ಟ್ರಾನ್‌ನ ಮೋಡ ನ್ಯೂಕ್ಲಿಯಸ್‌ನವರೆಗೂ ಹಬ್ಬಿರುತ್ತದೆ. ಅದು ಒಳಕವಚದ ಎಲೆಕ್ಟ್ರಾನ್‌ಗಳನ್ನು ದಾಟಿ ನ್ಯೂಕ್ಲಿಯಸ್‌ನ ಹತ್ತಿರವೂ ಒಂದಿಷ್ಟು ಹೊತ್ತು ಸಿಗುತ್ತದೆ. ಅಷ್ಟು ಹೊತ್ತು ಅದಕ್ಕೆ ಅಡ್ಡ ಬರುವವರು ಯಾರೂ ಇಲ್ಲ. p ಎಲೆಕ್ಟ್ರಾನ್‌ನ ಮೋಡಕ್ಕೆ ನ್ಯೂಕ್ಲಿಯಸ್ ಇರುವ ಜಾಗದಲ್ಲಿ ಅಸ್ತಿತ್ವವೇ ಇಲ್ಲ. ಒಳಗಡೆ ಅದು ನುಸುಳುವುದು ಕಡಿಮೆ. ಆದ್ದರಿಂದ ಒಳಗಿನ ಎಲೆಕ್ಟ್ರಾನ್‌ಗಳು ಅದನ್ನು ಹೆಚ್ಚು ಮರೆಮಾಚುತ್ತವೆ, 2s ಜೋಡಿಯೂ ಒಂದಿಷ್ಟು ಮರೆಮಾಚುತ್ತದೆ.

ಇಲ್ಲಿಯೇ ಸ್ಲೇಟರ್ ಲೆಕ್ಕದ ಮಿತಿಯನ್ನೂ ಹೇಳಬೇಕು. ಆ ಲೆಕ್ಕ s ಮತ್ತು p ಎಲೆಕ್ಟ್ರಾನ್‌ಗಳನ್ನು ಒಂದೇ ಗುಂಪಿಗೆ ಹಾಕುತ್ತದೆ. ಅದರ ಪ್ರಕಾರ ಬೆರಿಲಿಯಂಗೆ 1.95, ಬೋರಾನ್‌ಗೆ 2.6. ಅದನ್ನಷ್ಟೇ ನಂಬಿದರೆ ಬೋರಾನ್‌ನ ತಗ್ಗು ಕಾಣುವುದೇ ಇಲ್ಲ. ಅದು ಒಟ್ಟಾರೆ ಏರಿಕೆಯನ್ನು ತೋರಿಸಲು ಒಳ್ಳೆಯದು. ತಗ್ಗನ್ನು ಹಿಡಿಯಲು ಉಪಕವಚ ಯಾವುದು ಎಂದು ನೋಡಲೇಬೇಕು. ಅಲ್ಯೂಮಿನಿಯಂನ ಪ್ರಶ್ನೆಗೂ ಇದೇ ಉತ್ತರ. ಮೆಗ್ನೀಸಿಯಂನಿಂದ ಹೊರಡುವುದು 3s ಎಲೆಕ್ಟ್ರಾನ್, ಅಲ್ಯೂಮಿನಿಯಂನಿಂದ ಹೊರಡುವುದು 3p ಎಲೆಕ್ಟ್ರಾನ್. ಹಾಗಾಗಿ 575.

ಎರಡನೇ ತಗ್ಗು: ‘ಅರ್ಧ ತುಂಬಿದ ಸ್ಥಿರತೆ’ ಎಂಬ ಮಂತ್ರ

ನೈಟ್ರೋಜನ್ ಮತ್ತು ಆಕ್ಸಿಜನ್‌ಗಳ ಪ್ರಶ್ನೆಗೆ ಇನ್ನೂ ಪ್ರಸಿದ್ಧವಾದ ಸಿದ್ಧ ಉತ್ತರವಿದೆ: ‘ನೈಟ್ರೋಜನ್‌ನ 2p ಅರ್ಧ ತುಂಬಿದೆ, ಅರ್ಧ ತುಂಬಿದ ಉಪಕವಚಕ್ಕೆ ಹೆಚ್ಚಿನ ಸ್ಥಿರತೆ.’ ಇಲ್ಲಿ ಹೊರಡುವ ಎಲೆಕ್ಟ್ರಾನ್‌ಗಳೆರಡೂ 2p ಜಾತಿಯವೇ ಆದ್ದರಿಂದ ಬೋರಾನ್‌ನ ವಾದ ನಡೆಯುವುದಿಲ್ಲ, ನಿಜ. ಆದರೆ ಈ ಮಂತ್ರವನ್ನು ಅಂಕಿಗಳ ಮುಂದೆ ಇಟ್ಟು ಪರೀಕ್ಷಿಸೋಣ.

ಬೋರಾನ್‌ನಿಂದ ಕಾರ್ಬನ್‌ಗೆ ಏರಿಕೆ 285. ಕಾರ್ಬನ್‌ನಿಂದ ನೈಟ್ರೋಜನ್‌ಗೆ 316. ಗ್ರಾಫ್ ಕಾಗದದ ಮೇಲೆ ಈ ಮೂರು ಚುಕ್ಕೆಗಳನ್ನಿಟ್ಟರೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬರುತ್ತವೆ. ನೈಟ್ರೋಜನ್ ಆ ಗೆರೆಯಿಂದ ಹೇಳಿಕೊಳ್ಳುವಂತೆ ಮೇಲೆದ್ದು ನಿಂತಿಲ್ಲ. ಅದಕ್ಕೆ ಅಸಾಧಾರಣ ಸ್ಥಿರತೆ ಇದ್ದಿದ್ದರೆ ಅದೊಂದೇ ಗೆರೆಯಿಂದ ಮೇಲಕ್ಕೆ ಹಾರಬೇಕಿತ್ತು, ಮುಂದಿನ ಆಕ್ಸಿಜನ್ ಮತ್ತೆ ಗೆರೆಗೆ ಬರಬೇಕಿತ್ತು. ಹಾಗಾಗಿಲ್ಲ. ಅದೇ ಗೆರೆಯನ್ನು ಮುಂದೆ ಎಳೆದರೆ ಆಕ್ಸಿಜನ್ 1700ರ ಆಸುಪಾಸಿನಲ್ಲಿ ಇರಬೇಕಿತ್ತು, ಇರುವುದು 1314. ಫ್ಲೋರಿನ್ 2000 ದಾಟಬೇಕಿತ್ತು, ಇರುವುದು 1681. ನಿಯಾನ್ ಕೂಡ ಗೆರೆಯಿಂದ ಕೆಳಗೇ ಇದೆ. ಈ ಮೂರನ್ನೂ ಸೇರಿಸಿದರೆ ಮತ್ತೊಂದು ಗೆರೆ ಬರುತ್ತದೆ. ಅದೂ ಮೊದಲನೆಯ ಗೆರೆಯಂತೆ ಏರುತ್ತದೆ, ಆದರೆ ಅದಕ್ಕಿಂತ ಸಾಕಷ್ಟು ಕೆಳಗೆ.

ಆದ್ದರಿಂದ ಕೇಳಬೇಕಾದದ್ದು ನೈಟ್ರೋಜನ್‌ನಲ್ಲಿ ಏನಿದೆ ಎಂದಲ್ಲ, ಆಕ್ಸಿಜನ್‌ನಿಂದ ಶುರುವಾಗಿ ಮೂರಕ್ಕೂ ಸಾಮಾನ್ಯವಾದದ್ದು ಏನು ಎಂದು. 2p ನಲ್ಲಿ ಮೂರು ಆರ್ಬಿಟಲ್‌ಗಳಿವೆ. ಬೋರಾನ್, ಕಾರ್ಬನ್, ನೈಟ್ರೋಜನ್‌ಗಳಲ್ಲಿ ಎಲೆಕ್ಟ್ರಾನ್‌ಗಳು ತಲಾ ಒಂದೊಂದು ಆರ್ಬಿಟಲ್ ಹಿಡಿದು, ಒಂದೇ ದಿಕ್ಕಿನ ಸ್ಪಿನ್‌ನಲ್ಲಿ ಕೂರುತ್ತವೆ. ಒಂದೇ ಸ್ಪಿನ್ ಇರುವ ಎಲೆಕ್ಟ್ರಾನ್‌ಗಳು ಕ್ವಾಂಟಂ ನಿಯಮದ ಕಾರಣದಿಂದಲೇ ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತವೆ, ಹಾಗಾಗಿ ಅವುಗಳ ನಡುವಿನ ವಿಕರ್ಷಣೆ ಕಡಿಮೆ. ಆಕ್ಸಿಜನ್‌ನ ನಾಲ್ಕನೇ ಎಲೆಕ್ಟ್ರಾನಿಗೆ ಖಾಲಿ ಆರ್ಬಿಟಲ್ ಉಳಿದಿಲ್ಲ. ಅದು ಈಗಾಗಲೇ ಒಬ್ಬರಿರುವ ಆರ್ಬಿಟಲ್‌ಗೆ, ವಿರುದ್ಧ ಸ್ಪಿನ್‌ನಲ್ಲಿ, ಜೋಡಿಯಾಗಿ ಬರಬೇಕು. ಒಂದೇ ಜಾಗದಲ್ಲಿ ಎರಡು ಋಣ ಆವೇಶಗಳು ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟದಿಂದಾಗಿ ಒಂದನ್ನು ಹೊರಹಾಕುವುದು ಸುಲಭವಾಗುತ್ತದೆ. ಫ್ಲೋರಿನ್ ಮತ್ತು ನಿಯಾನ್‌ಗಳಲ್ಲೂ ಹೊರಡುವುದು ಹೀಗೆ ಜೋಡಿಯಾದ ಎಲೆಕ್ಟ್ರಾನೇ. ಮೂರೂ ಗೆರೆಯಿಂದ ಕೆಳಗಿಳಿದಿರುವುದು ಇದಕ್ಕೇ.

ಮಂತ್ರ ಉತ್ತರಿಸಲಾರದ, ಆದರೆ ಕಾರಣ ಉತ್ತರಿಸಬಲ್ಲ ಇನ್ನೊಂದು ಪ್ರಶ್ನೆಯಿದೆ. ಮೂರನೇ ಆವರ್ತದಲ್ಲಿ ಇದೇ ಜೋಡಿ ರಂಜಕ ಮತ್ತು ಗಂಧಕ. ರಂಜಕದ 3p ಕೂಡ ಅರ್ಧ ತುಂಬಿದೆ. ಅಲ್ಲೂ ಇಳಿತವಿದೆ, ಆದರೆ 1012ರಿಂದ 1000ಕ್ಕೆ, ಬರೀ 12ರಷ್ಟು. ನೈಟ್ರೋಜನ್‌ನಿಂದ ಆಕ್ಸಿಜನ್‌ಗೆ ಇಳಿತ 88. ಅರ್ಧ ತುಂಬುವುದು ಎರಡೂ ಕಡೆ ಒಂದೇ ಎಂದಾದರೆ ಇಳಿತ ಇಷ್ಟು ಬೇರೆಯಾಗಿರುವುದೇಕೆ? ವಿಕರ್ಷಣೆಯಿಂದ ಯೋಚಿಸಿದರೆ ಉತ್ತರ ಸಿಗುತ್ತದೆ. 3p ಆರ್ಬಿಟಲ್ 2p ಗಿಂತ ದೊಡ್ಡದು. ಅದರಲ್ಲಿ ಜೋಡಿಯಾದ ಎಲೆಕ್ಟ್ರಾನ್‌ಗಳಿಗೆ ಹರಡಿಕೊಳ್ಳಲು ಹೆಚ್ಚು ಜಾಗವಿದೆ, ತಳ್ಳಾಟ ಕಡಿಮೆ, ಇಳಿತವೂ ಕಡಿಮೆ.

ಒಂದು ಪ್ರಶ್ನೆ, ಮೊದಲಿಂದ ಕೊನೆಯವರೆಗೆ

ಈಗ ಬಾಯಿಪಾಠ ಯಾವ ರೀತಿಯಲ್ಲೂ ಕೈಹಿಡಿಯದ ಪ್ರಶ್ನೆಯೊಂದನ್ನು ತೆಗೆದುಕೊಳ್ಳೋಣ. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್. ಇವುಗಳ ಎರಡನೇ ಅಯಾನೀಕರಣ ಶಕ್ತಿಯನ್ನು ಏರಿಕೆಯ ಕ್ರಮದಲ್ಲಿ ಬರೆಯಿರಿ. ಎರಡನೆಯದು ಎಂದರೆ ಒಂದು ಎಲೆಕ್ಟ್ರಾನ್ ಆಗಲೇ ಹೋದ ಮೇಲೆ ಇನ್ನೊಂದನ್ನು ಕೀಳಲು ಬೇಕಾದ ಶಕ್ತಿ.

ಮೊದಲ ಹೆಜ್ಜೆ, ಪರಮಾಣುವನ್ನು ಬಿಟ್ಟು ಅಯಾನ್‌ನ ರಚನೆ ಬರೆಯುವುದು. ತಪ್ಪು ಹೆಚ್ಚಾಗಿ ನಡೆಯುವುದೇ ಇಲ್ಲಿ. ಬಹಳ ಮಂದಿ ತಟಸ್ಥ ಪರಮಾಣುವಿನ ರಚನೆ ಬರೆದುಕೊಂಡು ಮುಂದೆ ಹೋಗುತ್ತಾರೆ. ಒಂದು ಎಲೆಕ್ಟ್ರಾನ್ ಕಳೆದ ಮೇಲೆ ಹೊರಭಾಗದ ರಚನೆ ಹೀಗಾಗುತ್ತದೆ:

ಸೋಡಿಯಂ: 2s² 2p⁶
ಮೆಗ್ನೀಸಿಯಂ: 3s¹
ಅಲ್ಯೂಮಿನಿಯಂ: 3s²
ಸಿಲಿಕಾನ್: 3s² 3p¹

ಎರಡನೇ ಹೆಜ್ಜೆ, ಕವಚ ನೋಡುವುದು. ಸೋಡಿಯಂನ ಮೂರನೇ ಕವಚ ಖಾಲಿಯಾಗಿಬಿಟ್ಟಿದೆ. ಇನ್ನೊಂದು ಎಲೆಕ್ಟ್ರಾನ್ ಬೇಕೆಂದರೆ ಎರಡನೇ ಕವಚಕ್ಕೇ ಕೈಹಾಕಬೇಕು. ಅದು ನ್ಯೂಕ್ಲಿಯಸ್‌ಗೆ ಹತ್ತಿರ. ಮರೆಮಾಚಲು ಅದರ ಒಳಗೆ ಉಳಿದಿರುವುದು ಮೊದಲ ಕವಚದ ಎರಡೇ ಎಲೆಕ್ಟ್ರಾನ್. ಆದ್ದರಿಂದ ನಾಲ್ಕರಲ್ಲಿ ಸೋಡಿಯಂನದೇ ಬಹಳ ಹೆಚ್ಚು, ಸಂಶಯವಿಲ್ಲ.

ಮೂರನೇ ಹೆಜ್ಜೆ, ಉಳಿದ ಮೂರನ್ನು ಹೋಲಿಸುವುದು. ರಚನೆಗಳನ್ನು ಮತ್ತೊಮ್ಮೆ ನೋಡಿ. ಮೆಗ್ನೀಸಿಯಂ ಅಯಾನ್‌ನ ಎಲೆಕ್ಟ್ರಾನ್ ರಚನೆ ಸೋಡಿಯಂ ಪರಮಾಣುವಿನದೇ, ಪ್ರೋಟಾನ್ ಮಾತ್ರ ಒಂದು ಹೆಚ್ಚು. ಅಲ್ಯೂಮಿನಿಯಂ ಅಯಾನ್‌ನದು ಮೆಗ್ನೀಸಿಯಂ ಪರಮಾಣುವಿನ ರಚನೆ, ಪ್ರೋಟಾನ್ ಒಂದು ಹೆಚ್ಚು. ಸಿಲಿಕಾನ್ ಅಯಾನ್‌ನದು ಅಲ್ಯೂಮಿನಿಯಂ ಪರಮಾಣುವಿನ ರಚನೆ, ಪ್ರೋಟಾನ್ ಒಂದು ಹೆಚ್ಚು. ಮೂರಕ್ಕೂ ಒಂದೊಂದೇ ಪ್ರೋಟಾನ್ ಏರಿದೆ. ಹಾಗಾಗಿ ತಟಸ್ಥ ಪರಮಾಣುಗಳಲ್ಲಿದ್ದ ಕ್ರಮವೇ ಒಂದು ಮನೆ ಮುಂದಕ್ಕೆ ಸರಿದು ಮತ್ತೆ ಬರಬೇಕು. ಮೊದಲ ಅಯಾನೀಕರಣದಲ್ಲಿ ಸೋಡಿಯಂ 496, ಅಲ್ಯೂಮಿನಿಯಂ 578, ಮೆಗ್ನೀಸಿಯಂ 738 ಎಂಬ ಕ್ರಮವಿತ್ತು. ಎರಡನೆಯದರಲ್ಲಿ ಅದು ಮೆಗ್ನೀಸಿಯಂ, ಸಿಲಿಕಾನ್, ಅಲ್ಯೂಮಿನಿಯಂ ಎಂದಾಗಬೇಕು. ಕೊನೆಗೆ ಸೋಡಿಯಂ.

ಅಳೆದ ಮೌಲ್ಯಗಳು: ಮೆಗ್ನೀಸಿಯಂ 1451, ಸಿಲಿಕಾನ್ 1577, ಅಲ್ಯೂಮಿನಿಯಂ 1817, ಸೋಡಿಯಂ 4562. ಕ್ರಮ ಸರಿಯಾಗಿದೆ. ನಾಲ್ಕು ಅಂಕಿಗಳಲ್ಲಿ ಒಂದನ್ನೂ ನೆನಪಿಟ್ಟುಕೊಳ್ಳದೆ, ಗೊತ್ತಿರುವ ಮೂರು ಪರಮಾಣುಗಳ ಕ್ರಮದಿಂದಲೇ ಅದನ್ನು ಪಡೆದೆವು. ಗಮನಿಸಿ, ಕೋಷ್ಟಕದ ಎಡತುದಿಯ ಸೋಡಿಯಂ ಇಲ್ಲಿ ಎಲ್ಲಕ್ಕಿಂತ ಮೇಲಿದೆ. ಬಾಣ ನಂಬಿದವರು ಅದನ್ನು ಎಲ್ಲಕ್ಕಿಂತ ಕೆಳಗೆ ಬರೆದಿರುತ್ತಾರೆ.

ಇದೇ ತರ್ಕವನ್ನು ತಿರುಗಿಸಿಯೂ ಕೇಳುತ್ತಾರೆ. ಒಂದು ಧಾತುವಿನ ಮೊದಲ ನಾಲ್ಕು ಅಯಾನೀಕರಣ ಶಕ್ತಿಗಳು 578, 1817, 2745, 11577. ಇದು ಕೋಷ್ಟಕದ ಯಾವ ಗುಂಪಿನದು? ಮೂರನೆಯದರವರೆಗೆ ಏರಿಕೆ ಹಂತಹಂತವಾಗಿದೆ, ನಾಲ್ಕನೆಯದಕ್ಕೆ ಒಮ್ಮೆಲೇ ನಾಲ್ಕು ಪಟ್ಟು ಜಿಗಿತ. ನಾಲ್ಕನೇ ಎಲೆಕ್ಟ್ರಾನಿಗಾಗಿ ಒಳಕವಚ ಒಡೆಯಬೇಕಾಯಿತು ಎಂದು ಆ ಜಿಗಿತವೇ ಹೇಳುತ್ತಿದೆ. ಅಂದರೆ ಹೊರಕವಚದಲ್ಲಿದ್ದದ್ದು ಮೂರೇ ಎಲೆಕ್ಟ್ರಾನ್. ಅದು 13ನೇ ಗುಂಪು. ಅಂಕಿಗಳು ಅಲ್ಯೂಮಿನಿಯಂನವು.

ಕೆಳಮುಖ ಬಾಣ ಸೋಲುವ ಕಡೆ

ಗುಂಪಿನಲ್ಲಿ ಕೆಳಗಿಳಿದಂತೆ ಅಯಾನೀಕರಣ ಶಕ್ತಿ ಕಡಿಮೆಯಾಗುತ್ತದೆ ಎಂಬ ಬಾಣವೂ ಇದೆ. ಕವಚ ಒಂದೊಂದೇ ಹೆಚ್ಚಿ ಎಲೆಕ್ಟ್ರಾನ್ ದೂರವಾಗುತ್ತದೆ ಎಂಬುದು ಅದರ ಕಾರಣ. ಅದೇ 13ನೇ ಗುಂಪಿನಲ್ಲಿ ಬೋರಾನ್ 801, ಅಲ್ಯೂಮಿನಿಯಂ 578. ಮುಂದಿನ ಗ್ಯಾಲಿಯಂ ಇನ್ನೂ ಕೆಳಗಿರಬೇಕು. ಆದರೆ ಅದು 579. ಹೆಚ್ಚುಕಡಿಮೆ ಅಲ್ಯೂಮಿನಿಯಂನಷ್ಟೇ. ಲೋಹದ ಸ್ಥಿತಿಯಲ್ಲಿ ಅದರ ಪರಮಾಣುವಿನ ತ್ರಿಜ್ಯ ಅಲ್ಯೂಮಿನಿಯಂನದಕ್ಕಿಂತ ಸ್ವಲ್ಪ ಚಿಕ್ಕದೇ.

ಕಾರಣ ಹುಡುಕಲು ಪ್ರೋಟಾನ್ ಎಣಿಸಬೇಕು. ಬೋರಾನ್‌ನಲ್ಲಿ 5, ಅಲ್ಯೂಮಿನಿಯಂನಲ್ಲಿ 13, ಗ್ಯಾಲಿಯಂನಲ್ಲಿ 31. ಮೊದಲ ಹೆಜ್ಜೆಗೆ ಹೆಚ್ಚಿದ್ದು 8, ಎರಡನೇ ಹೆಜ್ಜೆಗೆ 18. ನಡುವೆ ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಹತ್ತು ಧಾತುಗಳ ಸಾಲು ಬಂದುಹೋಗಿದೆ, 3d ಉಪಕವಚದಲ್ಲಿ ಹತ್ತು ಎಲೆಕ್ಟ್ರಾನ್ ತುಂಬಿವೆ. d ಎಲೆಕ್ಟ್ರಾನ್‌ಗಳ ಮೋಡ ನ್ಯೂಕ್ಲಿಯಸ್‌ನ ಸಮೀಪ ದಟ್ಟವಾಗಿರುವುದಿಲ್ಲ, ಹಾಗಾಗಿ ಅವು ಸೆಳೆತವನ್ನು ಚೆನ್ನಾಗಿ ಮರೆಮಾಚಲಾರವು. ಹತ್ತು ಪ್ರೋಟಾನ್ ಹೆಚ್ಚಿದವು, ಅವುಗಳ ಸೆಳೆತವನ್ನು ತಡೆಯಬೇಕಾದ ಹತ್ತು ಎಲೆಕ್ಟ್ರಾನ್‌ಗಳು ಪೂರ್ತಿ ತಡೆಯಲಿಲ್ಲ. ಉಳಿದ ಸೆಳೆತ ಹೊರ ಎಲೆಕ್ಟ್ರಾನನ್ನು ಒಳಕ್ಕೆಳೆಯಿತು. ದೂರ ಹೆಚ್ಚಿದ್ದರಿಂದ ಆದ ನಷ್ಟ ಇದರಿಂದ ಭರ್ತಿಯಾಯಿತು.

ಮೆಂಡಲೀವ್ ಅಲ್ಯೂಮಿನಿಯಂ ಕೆಳಗೆ ಖಾಲಿ ಬಿಟ್ಟು, ‘ಏಕ-ಅಲ್ಯೂಮಿನಿಯಂ’ ಎಂದು ಹೆಸರಿಟ್ಟು, ಹೀಗೊಂದು ಧಾತು ಸಿಗುತ್ತದೆ ಎಂದು ಮೊದಲೇ ಹೇಳಿದ್ದು ಈ ಗ್ಯಾಲಿಯಂ ಬಗ್ಗೆಯೇ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೋದ್ರಾನ್ ಅದನ್ನು ಕಂಡುಹಿಡಿದ. ಮೇಲಿನ ಧಾತುವನ್ನು ನೋಡಿ ಕೆಳಗಿನದರ ಗುಣ ಊಹಿಸಬಹುದು ಎಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ಅದೇ ಗ್ಯಾಲಿಯಂ, ಅಯಾನೀಕರಣ ಶಕ್ತಿಯ ವಿಷಯದಲ್ಲಿ ಹಾಗೆ ಊಹಿಸಿದರೆ ಸಾಲದು ಎಂದೂ ತೋರಿಸುತ್ತದೆ.

ಈ ತರ್ಕ ಎಲ್ಲಿಯವರೆಗೆ

ಪ್ರೋಟಾನ್, ದೂರ, ಮರೆಮಾಚುವಿಕೆ. ಇವು ಮೂರರಿಂದ ಪಿಯುಸಿ ಮಟ್ಟದ ಪ್ರಶ್ನೆಗಳಲ್ಲಿ ಹೆಚ್ಚಿನವನ್ನು ಬಿಡಿಸಬಹುದು. ಆದರೆ ಇದಕ್ಕೂ ಎಲ್ಲೆಗಳಿವೆ. ಕೋಷ್ಟಕದ ತಳಭಾಗದ ಭಾರದ ಧಾತುಗಳಲ್ಲಿ ಒಳಗಿನ ಎಲೆಕ್ಟ್ರಾನ್‌ಗಳ ವೇಗ ಎಷ್ಟೆಂದರೆ, ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತವನ್ನು ಲೆಕ್ಕಕ್ಕೆ ತಗೊಳ್ಳದೆ ಅಂಕಿಗಳು ಹೊಂದುವುದಿಲ್ಲ. ಅಂಥ ಕಡೆ ಈ ಮೂರೇ ಪ್ರಶ್ನೆ ಸಾಕಾಗುವುದಿಲ್ಲ.

ಇನ್ನೊಂದು ಎಲ್ಲೆ ಇನ್ನೂ ಮುಖ್ಯ, ಏಕೆಂದರೆ ಪರೀಕ್ಷೆಯಲ್ಲಿ ಎಡವುವುದು ಇಲ್ಲಿ ಸಾಮಾನ್ಯ. ಅಯಾನೀಕರಣ ಶಕ್ತಿ ಅನಿಲ ಸ್ಥಿತಿಯ ಒಂಟಿ ಪರಮಾಣುವಿನ ಮಾತು. ನೀರಿನಲ್ಲಿ ನಡೆಯುವ ಕ್ರಿಯೆಗೆ ಅದನ್ನು ನೇರವಾಗಿ ಹಚ್ಚಬಾರದು. ಮೊದಲ ಗುಂಪಿನ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂಗಳಲ್ಲಿ ಎಲೆಕ್ಟ್ರಾನ್ ಬಿಟ್ಟುಕೊಡಲು ಹೆಚ್ಚು ಶಕ್ತಿ ಬೇಡುವುದು ಲಿಥಿಯಂ. ಆದರೂ ನೀರಿನ ದ್ರಾವಣದಲ್ಲಿ ಇವುಗಳಲ್ಲೆಲ್ಲ ಪ್ರಬಲವಾದ ಅಪಕರ್ಷಣಕಾರಿ ಅದೇ. ಲಿಥಿಯಂ ಅಯಾನ್ ಬಹಳ ಚಿಕ್ಕದು, ನೀರಿನ ಅಣುಗಳನ್ನು ಬಲವಾಗಿ ಸೆಳೆದು ಸುತ್ತಲೂ ಕೂರಿಸಿಕೊಳ್ಳುತ್ತದೆ. ಹಾಗೆ ಕೂರಿಸಿಕೊಳ್ಳುವಾಗ ಬಿಡುಗಡೆಯಾಗುವ ಶಕ್ತಿ, ಎಲೆಕ್ಟ್ರಾನ್ ಕೀಳಲು ಆದ ಹೆಚ್ಚುವರಿ ಖರ್ಚನ್ನು ಮೀರಿಸುತ್ತದೆ. ಪ್ರಶ್ನೆಯಲ್ಲಿ ‘ಅನಿಲ ಸ್ಥಿತಿ’ ಎಂದಿದೆಯೋ ‘ಜಲೀಯ ದ್ರಾವಣ’ ಎಂದಿದೆಯೋ ಎಂದು ಓದದೆ ಉತ್ತರಿಸಿದವರಿಗೆ ಗುಂಪಿನ ಬಾಣವೂ ತಪ್ಪುದಾರಿ, ಮೇಲಿನ ತರ್ಕವೂ ತಪ್ಪುದಾರಿ.

ಪಾಠ ಹೇಳುವವರಲ್ಲಿ ಒಂದು ವಿನಂತಿ. ಚಾರ್ಟಿನ ಬಾಣಗಳನ್ನು ಅಳಿಸಬೇಕಾಗಿಲ್ಲ. ಆದರೆ ‘ಅರ್ಧ ತುಂಬಿದೆ, ಆದ್ದರಿಂದ ಸ್ಥಿರ’ ಎಂಬ ಒಂದು ಸಾಲಿಗೆ ಪೂರ್ತಿ ಅಂಕ ಕೊಡಬೇಡಿ. ಹೊರಡುವ ಎಲೆಕ್ಟ್ರಾನ್ ಯಾವ ಕವಚದ್ದು, ಯಾವ ಉಪಕವಚದ್ದು, ಒಂಟಿಯೋ ಜೋಡಿಯೋ ಎಂದು ಬರೆಯಿಸಿ. ಬೋರಾನ್‌ನಿಂದ ನಿಯಾನ್‌ವರೆಗಿನ ಆರು ಅಂಕಿಗಳನ್ನು ಕೊಟ್ಟು ಮಕ್ಕಳ ಕೈಯಲ್ಲೇ ಗ್ರಾಫ್ ಬಿಡಿಸಿ. ಎರಡು ಗೆರೆಗಳನ್ನು ತಮ್ಮ ಕಣ್ಣಾರೆ ಕಂಡವರಿಗೆ ಆಕ್ಸಿಜನ್‌ನ ತಗ್ಗನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಓದುಗರಿಗೂ ಒಂದು ಪ್ರಶ್ನೆ. ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂಗಳಲ್ಲಿ ಮೂರನೇ ಅಯಾನೀಕರಣ ಶಕ್ತಿ ಯಾವುದರದು ಹೆಚ್ಚು? ಎರಡೆರಡು ಎಲೆಕ್ಟ್ರಾನ್ ಕಳೆದ ಮೇಲೆ ಉಳಿಯುವ ರಚನೆಯನ್ನು ಕಾಗದದ ಮೇಲೆ ಬರೆದು, ಮುಂದಿನ ಎಲೆಕ್ಟ್ರಾನ್ ಯಾವ ಕವಚದಿಂದ ಬರಬೇಕು ಎಂದು ನೋಡಿ, ಆಮೇಲೆ ಈ ಅಂಕಿಗಳೊಂದಿಗೆ ಹೋಲಿಸಿ: ಮೆಗ್ನೀಸಿಯಂ 7733, ಅಲ್ಯೂಮಿನಿಯಂ 2745.